ಎಳೆಬಿಸಿಲಲ್ಲಿ ಐದು ತಿಂಗಳು ನಡೆದರೂ ವಿಟಮಿನ್ ಡಿ ಇಳಿದಿತ್ತು

ನನ್ನದು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಬಣ್ಣ ಎಣ್ಣೆಗೆಂಪಿಗಿಂತ ಸ್ವಲ್ಪ ಕಪ್ಪು. ಮೆಟ್ಟಿಲು ಹತ್ತುವಾಗ ತೊಡೆ ಭಾರ ಅನ್ನಿಸುತ್ತಿತ್ತು, ಸೊಂಟ ನೋಯುತ್ತಿತ್ತು. ಡಾಕ್ಟರು ರಕ್ತದಲ್ಲಿ ವಿಟಮಿನ್ ಡಿ ನೋಡಿಸಿದರು. ಮಿಲಿಲೀಟರಿಗೆ 11 ನ್ಯಾನೋಗ್ರಾಂ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ.

ವಾರಕ್ಕೊಂದರಂತೆ 60,000 ಯುನಿಟ್‌ನ ಪುಡಿ ಪೊಟ್ಟಣ, ಎಂಟು ವಾರ ತೆಗೆದುಕೊಳ್ಳಿ ಅಂದರು. ಈ ವಿಟಮಿನ್ ಕೊಬ್ಬಿನ ಜೊತೆ ಚೆನ್ನಾಗಿ ಒಳಗೆ ಹೋಗುತ್ತದೆ. ಅದಕ್ಕೇ ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಹಾಲಿನಲ್ಲಿ ಕಲಸಿ ಕುಡಿಯುತ್ತಿದ್ದೆ. ಮೂರು ತಿಂಗಳಿಗೆ ಮತ್ತೆ ನೋಡಿಸಿದಾಗ 34. ತೊಡೆಯ ಭಾರವೂ ಇಳಿದಿತ್ತು.

ಇನ್ನು ಬಿಸಿಲೇ ಸಾಕು ಅಂತ ಪೊಟ್ಟಣ ನಿಲ್ಲಿಸಿದೆ. ದಿನಾ ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಪಾರ್ಕಿನಲ್ಲಿ ನಡೆದೆ. ಎಳೆಬಿಸಿಲು ಮೈಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಆಫೀಸಿನಲ್ಲೂ ಕಿಟಕಿ ಪಕ್ಕ ಬಿಸಿಲು ಬೀಳುವ ಜಾಗ ಕೇಳಿ ಪಡೆದೆ. ಐದು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. 18.

ಕಾರಣ ತಿಳಿದದ್ದು ನಡೆಯುವಾಗ ನೆರಳು ಎಷ್ಟುದ್ದ ಇರುತ್ತದೆ ಅಂತ ಡಾಕ್ಟರು ಕೇಳಿದಾಗ. ಚರ್ಮದಲ್ಲಿ ಡಿ ತಯಾರಾಗಲು ಬೇಕಾದದ್ದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಬಿ ಕಿರಣ. ಸೂರ್ಯ ಕೆಳಗಿದ್ದಾಗ ಬೆಳಕು ಗಾಳಿಯ ಪದರದಲ್ಲಿ ಓರೆಯಾಗಿ ತುಂಬ ದೂರ ಬರಬೇಕು. ಆ ದಾರಿಯಲ್ಲೇ ಯುವಿ-ಬಿ ಬಹುಪಾಲು ಸೋಸಿಹೋಗುತ್ತದೆ. ಮಾರನೇ ದಿನ ಪಾರ್ಕಿನಲ್ಲಿ ನಿಂತು ನೋಡಿದೆ. ಎಂಟು ಗಂಟೆಯಲ್ಲೂ ನನ್ನ ನೆರಳು ನನ್ನ ಎರಡು ಪಟ್ಟಿಗಿಂತ ಉದ್ದ ಇತ್ತು. ನೆರಳು ನಮಗಿಂತ ಗಿಡ್ಡ ಇದ್ದಾಗಲೇ ಕೆಲಸ ಚೆನ್ನಾಗಿ ಆಗುವುದು. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನವೂ ನೆರಳು ಗಿಡ್ಡವೇ. ಹಾಗಾಗಿ ನಮಗೆ ಚಳಿಗಾಲ ಅಡ್ಡಿಯಲ್ಲ, ಹೊತ್ತು ಅಡ್ಡಿ.

ಕಿಟಕಿಯದು ಇನ್ನೊಂದು ಮೋಸ. ಗಾಜು ಯುವಿ-ಬಿಯನ್ನು ತಡೆಯುತ್ತದೆ, ಚರ್ಮ ಕಪ್ಪಾಗಿಸುವ ಯುವಿ-ಎಯನ್ನು ಬಿಡುತ್ತದೆ. ಕಿಟಕಿ ಕಡೆಗಿದ್ದ ನನ್ನ ಎಡಗೈ ಬಲಗೈಗಿಂತ ಕಪ್ಪಾಗಿತ್ತು. ಅದನ್ನು ನೋಡಿ ಬಿಸಿಲು ಸಿಗುತ್ತಿದೆ ಅಂದುಕೊಂಡಿದ್ದೆ. ಕೈ ಕಪ್ಪಾಗಿತ್ತು, ಡಿ ಮಾತ್ರ ಸಿಕ್ಕಿರಲಿಲ್ಲ.

ಆಮೇಲೆ ಊಟದ ಬಿಡುವಿನಲ್ಲಿ, ಒಂದು ಗಂಟೆ ಹೊತ್ತಿಗೆ, ಟೆರೇಸಿಗೆ ಹೋಗತೊಡಗಿದೆ. ಹತ್ತು ನಿಮಿಷ ಸಾಕು ಅಂತ ಎಲ್ಲೆಡೆ ಬರೆದಿರುತ್ತಾರೆ. ಅದು ಬಿಳಿ ಚರ್ಮದವರ ಲೆಕ್ಕ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಯುವಿ-ಬಿಯನ್ನು ಹೀರಿಕೊಳ್ಳುತ್ತದೆ, ಅಷ್ಟೇ ಡಿಗೆ ಹಲವು ಪಟ್ಟು ಹೊತ್ತು ಬೇಕು. ನಾನು ಅರ್ಧ ಗಂಟೆ ಇಟ್ಟುಕೊಂಡೆ. ಮುಖಕ್ಕೆ ಟೋಪಿ, ತೋಳು ಮೊಣಕೈ ಮೇಲಿನವರೆಗೆ ಮಡಚಿ. ಚರ್ಮ ಚುರುಗುಟ್ಟಿದರೆ ತಕ್ಷಣ ನೆರಳಿಗೆ, ಸುಟ್ಟುಕೊಳ್ಳುವುದರಿಂದ ಡಿ ಹೆಚ್ಚಾಗುವುದಿಲ್ಲ. ಆದರೆ ಪ್ಯಾಂಟು ಶರಟಿನಲ್ಲಿ ಬಿಸಿಲಿಗೆ ಸಿಗುವ ಮೈಯೇ ಕಡಿಮೆ. ಭಾನುವಾರ ಮನೆ ಮಾಳಿಗೆಯಲ್ಲಿ ಬನಿಯನ್ ಚಡ್ಡಿಯಲ್ಲಿ ಬಟ್ಟೆ ಒಣಹಾಕುವಾಗ ಸಿಗುವುದೇ ಜಾಸ್ತಿ.

ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. 22 ಕೆಲಸದ ದಿನಗಳಲ್ಲಿ ನಾನು ಟೆರೇಸಿಗೆ ಹೋದದ್ದು 9 ದಿನ. ಉಳಿದ ದಿನ ಮೀಟಿಂಗು, ಮೋಡ, ಮಳೆ. ಆ ಗುರುತುಗಳನ್ನು ಡಾಕ್ಟರಿಗೆ ತೋರಿಸಿದೆ. ಕೊರತೆ ತುಂಬಲು ಮತ್ತೆ ಎಂಟು ವಾರ ಪೊಟ್ಟಣ, ಆಮೇಲೆ ತಿಂಗಳಿಗೊಂದು ಅಂತ ಬರೆದುಕೊಟ್ಟರು. ತಿಂಗಳಿಗೆ 60,000 ಅಂದರೆ ದಿನಕ್ಕೆ 2,000 ಯುನಿಟ್ ಆಯಿತು. ಈಗ ಬಿಸಿಲೂ ಇದೆ, ಪೊಟ್ಟಣವೂ ಇದೆ. ಒಂದು ವರ್ಷದಿಂದ 30ರ ಆಸುಪಾಸಿನಲ್ಲಿದೆ.

ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಆಫೀಸಿನ ಒಬ್ಬರು ಚೀಟಿ ಸರಿಯಾಗಿ ಓದದೆ ಈ 60,000ದ್ದನ್ನು ದಿನಾ ನುಂಗಿದರು. ಎರಡು ತಿಂಗಳಿಗೆ ವಾಂತಿ, ತಡೆಯಲಾಗದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಬೇಕಾಯಿತು. ಬಿಸಿಲಿನಿಂದ ಹೀಗಾಗುವುದಿಲ್ಲ, ಹೆಚ್ಚಾದದ್ದನ್ನು ಚರ್ಮವೇ ಒಡೆದುಹಾಕುತ್ತದೆ. ಮಾತ್ರೆಗೆ ಆ ತಡೆ ಇಲ್ಲ. ಕಿಡ್ನಿಯಲ್ಲಿ ಕಲ್ಲು ಇದ್ದವರಂತೂ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ನನ್ನ ಅಕ್ಕನ ಲೆಕ್ಕ ಬೇರೆ. ಸ್ಕೂಟರಿನಲ್ಲಿ ಹೋಗುವಾಗ ಮುಖಕ್ಕೆ ದುಪಟ್ಟಾ, ಕೈಗೆ ಉದ್ದನೆ ಗ್ಲೌಸು. ಆಫೀಸಿನ ಟೆರೇಸಿನಲ್ಲಿ ತೋಳು ಬಿಟ್ಟು ನಿಲ್ಲುವುದು ಅವಳಿಗೆ ಮುಜುಗರ. ಮೊದಲು ನಾನು ಬಿಸಿಲಿಗೆ ಬಾ ಅಂತ ಅವಳನ್ನು ಒತ್ತಾಯಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅವಳ ಡಾಕ್ಟರೂ ತಿಂಗಳಿಗೊಂದು ಪೊಟ್ಟಣ ಬರೆದಿದ್ದಾರೆ. ತಿಂಗಳ ಮೊದಲ ಭಾನುವಾರ ಊಟ ಮುಗಿಸಿ ಇಬ್ಬರೂ ಒಟ್ಟಿಗೆ ಹಾಲಿಗೆ ಕಲಸಿಕೊಳ್ಳುತ್ತೇವೆ.