ಅಡಿಕೆ ದುಡ್ಡು ಹನ್ನೆರಡು ಲಕ್ಷ: ಒಂದೇ ಸಲ ಹಾಕೋದಾ, ತಿಂಗಳು ತಿಂಗಳು ಹಾಕೋದಾ?

ಸಂಬಳದವರಿಗೆ ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹಾಕುವ ಎಸ್‌ಐಪಿ ಸಲೀಸು. ಒಂದನೇ ತಾರೀಕು ಸಂಬಳ ಬರುತ್ತದೆ, ಐದನೇ ತಾರೀಕು ಹತ್ತು ಸಾವಿರ ಕಟ್ ಆಗುತ್ತದೆ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇಟ್ಟುಕೊಂಡ ನಮ್ಮಂಥವರಿಗೆ ತಿಂಗಳ ಆದಾಯ ಅನ್ನೋದೇ ಇಲ್ಲ. ಕೊಯ್ಲು, ಸುಲಿತ, ಬೇಯಿಸೋದು, ಒಣಗಿಸೋದು ಎಲ್ಲ ಮುಗಿದು, ಚೀಲ ಕಟ್ಟಿಟ್ಟು, ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿಗೆ ರೇಟು ಬಂತು ಅಂದಾಗ ಮಾರಿದರೆ ದುಡ್ಡು ಒಂದೇ ಸಲ ಬರುತ್ತದೆ. ನನಗೂ ಹಾಗೇ ಆಯಿತು. ಹಿಂದಿನ ವರ್ಷದ ಮಾಲೂ ಸೇರಿಸಿ ಮಾರಿದೆ. ಸಾಲ, ಕೂಲಿ, ಮಳೆಗಾಲದ ಔಷಧಿ ಖರ್ಚು ಎಲ್ಲ ತೆಗೆದಿಟ್ಟ ಮೇಲೆ ಹನ್ನೆರಡು ಲಕ್ಷ ಉಳಿಯಿತು. ಮಗಳ ಓದಿಗೆ ಅಂತ ಹತ್ತು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡು. ನಿಫ್ಟಿ ಪಟ್ಟಿಯ ಐವತ್ತು ದೊಡ್ಡ ಕಂಪನಿಗಳ ಷೇರು ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಹಾಕೋದು ಅಂತ ತೀರ್ಮಾನ ಆಗಿತ್ತು. ಹೇಗೆ ಹಾಕೋದು ಅನ್ನೋದಷ್ಟೇ ಬಾಕಿ.

ಬೆಂಗಳೂರಲ್ಲಿರುವ ನನ್ನ ಬಾಮೈದ ಮೊಬೈಲಲ್ಲಿ ಲೆಕ್ಕ ಮಾಡಿ ಕಳಿಸಿದ. "ನೋಡಿ ಭಾವ, ವರ್ಷಕ್ಕೆ ಶೇಕಡ 12ರ ಹಾಗೆ ಬೆಳೆದರೆ ಒಂದೇ ಸಲ ಹಾಕಿದ್ದು ಹತ್ತು ವರ್ಷಕ್ಕೆ 37.27 ಲಕ್ಷ ಆಗುತ್ತೆ. ತಿಂಗಳಿಗೆ ಹತ್ತು ಸಾವಿರದ ಹಾಗೆ ಹಾಕಿದರೆ 23.23 ಲಕ್ಷ. ಹಾಕೋದು ಎರಡರಲ್ಲೂ ಹನ್ನೆರಡೇ ಲಕ್ಷ. ಇನ್ನೇನು ಯೋಚನೆ?"

ಯೋಚನೆ ಮಾಡೋಕೆ ಬೇಕಾದಷ್ಟಿತ್ತು. ಮೊದಲನೇದು, ಆ 23.23 ಅನ್ನೋದೇ ಸರಿ ಹೋಲಿಕೆ ಅಲ್ಲ. ಆನ್‌ಲೈನ್ ಎಸ್‌ಐಪಿ ಕ್ಯಾಲ್ಕುಲೇಟರ್‌ಗಳಲ್ಲಿ ಹೆಚ್ಚಿನವು 12ನ್ನು ಸುಮ್ನೆ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಶೇಕಡ 1 ಅಂತ ಹಿಡಿಯುತ್ತವೆ. ತಿಂಗಳಿಗೆ 1 ಅಂದರೆ ಚಕ್ರಬಡ್ಡಿ ಸೇರಿ ವರ್ಷಕ್ಕೆ 12.68 ಆಗುತ್ತದೆ. ಒಂದೇ ಸಲದ ಲೆಕ್ಕಕ್ಕೆ 12, ತಿಂಗಳ ಲೆಕ್ಕಕ್ಕೆ 12.68 ಹಿಡಿದರೆ ಹೋಲಿಸೋದು ಹೇಗೆ? ಸ್ಪ್ರೆಡ್‌ಶೀಟಲ್ಲಿ ಹೀಗೆ ಹಾಕಿದರೆ ಎರಡಕ್ಕೂ ಒಂದೇ ದರ ಬರುತ್ತದೆ:

```
=1200000*1.12^10
=FV(1.12^(1/12)-1, 120, -10000, 0, 1)
```

ಮೊದಲನೇದು 37.27 ಲಕ್ಷ. ಎರಡನೇದು 22.40 ಲಕ್ಷ. ಅಂತರ ಇನ್ನೂ ಜಾಸ್ತಿಯೇ ಆಯಿತು, ಅಲ್ವಾ?

ಆದರೆ ಈ ಅಂತರ ಎಲ್ಲಿಂದ ಬಂತು ಅಂತ ನೋಡಬೇಕು. ದರ ಎರಡಕ್ಕೂ ಒಂದೇ. ಒಂದೇ ಸಲ ಹಾಕಿದ ಹನ್ನೆರಡು ಲಕ್ಷ ಪೂರ್ತಿ ಹತ್ತು ವರ್ಷ ದುಡಿಯುತ್ತದೆ. ತಿಂಗಳ ಕಂತಿನಲ್ಲಿ ಮೊದಲ ಹತ್ತು ಸಾವಿರ ಮಾತ್ರ ಹತ್ತು ವರ್ಷ ದುಡಿಯೋದು. ಕೊನೆಯ ಹತ್ತು ಸಾವಿರಕ್ಕೆ ಸಿಗೋದು ಒಂದೇ ತಿಂಗಳು. ಸರಾಸರಿ ಹಿಡಿದರೆ ಒಂದೊಂದು ರೂಪಾಯಿಗೂ ಐದು ವರ್ಷದ ಕೆಲಸ. ಹಾಗಾದರೆ ಬಾಕಿ ಐದು ವರ್ಷ ಆ ದುಡ್ಡು ಎಲ್ಲಿತ್ತು? ಕ್ಯಾಲ್ಕುಲೇಟರ್ ಪ್ರಕಾರ ಎಲ್ಲೂ ಇರಲಿಲ್ಲ. ಸಂಬಳದವರಿಗೆ ಅದು ನಿಜ, ಅವರ ಕೈಗೆ ದುಡ್ಡು ಇನ್ನೂ ಬಂದೇ ಇರುವುದಿಲ್ಲ. ನನ್ನ ದುಡ್ಡು ಮಾತ್ರ ಆಗಲೇ ಬ್ಯಾಂಕಲ್ಲಿ ಬಿದ್ದಿತ್ತು.

ಹಾಗಾಗಿ ಹನ್ನೆರಡು ಲಕ್ಷ ಶೇಕಡ 6 ಬರುವ ಕಡೆ ಇದೆ, ಅದರಿಂದಲೇ ತಿಂಗಳಿಗೆ ಹತ್ತು ಸಾವಿರ ಫಂಡ್‌ಗೆ ಹೋಗುತ್ತಿದೆ ಅಂತ ಲೆಕ್ಕ ಹಾಕಿದೆ. ಹತ್ತು ವರ್ಷ ಆದ ಮೇಲೆ ಫಂಡಲ್ಲಿ 22.40 ಲಕ್ಷ, ಬ್ಯಾಂಕ್ ಕಡೆ ಬಡ್ಡಿಯಿಂದಾಗಿ ಇನ್ನೂ 5.16 ಲಕ್ಷ ಉಳಿದಿರುತ್ತದೆ. ಒಟ್ಟು ಸುಮಾರು 27.57 ಲಕ್ಷ. ತೆರಿಗೆ ಬಿಟ್ಟು ಹೇಳುತ್ತಿದ್ದೇನೆ. ಹದಿನೈದು ಲಕ್ಷದ ಹತ್ತಿರ ಇದ್ದ ಅಂತರ ಹತ್ತು ಲಕ್ಷದೊಳಗೆ ಬಂತು. ಕೈಯಲ್ಲಿ ದುಡ್ಡು ಇಟ್ಟುಕೊಂಡವರು ಹೋಲಿಸಬೇಕಾದ್ದು ಇದನ್ನು.

ಇಷ್ಟಾದರೂ ಇದು ಪ್ರತಿ ವರ್ಷ ಸಮನಾಗಿ ಶೇಕಡ 12 ಬೆಳೆಯುವ ಕಾಗದದ ಮಾರುಕಟ್ಟೆ. ನಿಜವಾದ ಮಾರುಕಟ್ಟೆ ಹಾಗೆ ನಡೆಯೋದಿಲ್ಲ. ಅದಕ್ಕೆ ನಿಫ್ಟಿಯ ಹಳೆಯ ಅಂಕಿಗಳನ್ನು ತೆಗೆದು ಕೂತೆ. ತಿಂಗಳ ಲೆಕ್ಕದ ಬದಲು ವರ್ಷಕ್ಕೊಂದು ಕಂತು, 1.2 ಲಕ್ಷದ ಹತ್ತು ಕಂತು ಅಂತ ಇಟ್ಟುಕೊಂಡೆ. ಕೈಯಲ್ಲೇ ತಾಳೆ ನೋಡಬಹುದು, ತತ್ವ ಅದೇ. ಡಿವಿಡೆಂಡ್ ಸೇರಿಸಿಲ್ಲ, ಬ್ಯಾಂಕಲ್ಲಿ ಕಾಯುವ ದುಡ್ಡಿನ ಬಡ್ಡಿಯನ್ನೂ ಸೇರಿಸಿಲ್ಲ.

2007ರ ಕೊನೆಯಲ್ಲಿ ನಿಫ್ಟಿ 6,138ರಲ್ಲಿತ್ತು. ಆ ದಿನ ಹನ್ನೆರಡು ಲಕ್ಷ ಒಟ್ಟಿಗೆ ಹಾಕಿದವರಿಗೆ ಮರುವರ್ಷವೇ ಏಟು ಬಿತ್ತು. 2008ರ ಕೊನೆಗೆ ನಿಫ್ಟಿ 2,959. ದುಡ್ಡು ಅರ್ಧಕ್ಕಿಂತ ಕಡಿಮೆ. ಅಲ್ಲಿಂದ ಮೇಲೆದ್ದು 2017ರ ಕೊನೆಗೆ 10,530 ಮುಟ್ಟಿತು. ಹತ್ತು ವರ್ಷಕ್ಕೆ ಹನ್ನೆರಡು ಲಕ್ಷ 20.59 ಲಕ್ಷ ಆಯಿತು. ವರ್ಷಕ್ಕೆ ಶೇಕಡ ಐದೂವರೆ, ಎಫ್‌ಡಿಗಿಂತ ಏನೂ ಮೇಲಲ್ಲ. ಅದೇ ಅವಧಿಯಲ್ಲಿ ಕಂತು ಕಟ್ಟಿದವರಿಗೆ 22.36 ಲಕ್ಷ. ಅವರ ಮೊದಲ ಕಂತಿಗೆ ನಿಫ್ಟಿ ಲೆಕ್ಕದಲ್ಲಿ 19.55 ಯೂನಿಟ್ ಸಿಕ್ಕಿತ್ತು. ಎರಡನೇ ಕಂತಿಗೆ, ಅಂದರೆ ಎಲ್ಲರೂ ಹೆದರಿ ಕೂತಿದ್ದಾಗ, 40.55 ಯೂನಿಟ್. ಕಂತಿನವರನ್ನು ಮುಂದೆ ತಂದದ್ದು ಆ ಒಂದು ಕಂತು. ಡಿವಿಡೆಂಡ್ ಸೇರಿಸಿದರೆ ಈ ಅಂತರ ಕಡಿಮೆಯಾಗುತ್ತದೆ, ಯಾಕೆಂದರೆ ಒಟ್ಟಿಗೆ ಹಾಕಿದವರ ಯೂನಿಟ್‌ಗಳು ಜಾಸ್ತಿ ವರ್ಷ ಇರುತ್ತವೆ.

ಇನ್ನು ಅದೇ ಲೆಕ್ಕವನ್ನು ಒಂದೇ ಒಂದು ವರ್ಷ ಮುಂದಕ್ಕೆ ಸರಿಸಿ. 2008ರ ಕೊನೆಯಲ್ಲಿ 2,959ಕ್ಕೆ ಒಟ್ಟಿಗೆ ಹಾಕಿ, 2018ರ ಕೊನೆಯಲ್ಲಿ 10,862ಕ್ಕೆ ತೆಗೆದರೆ ಹನ್ನೆರಡು ಲಕ್ಷ 44.05 ಲಕ್ಷ ಆಗುತ್ತದೆ. ಕಂತಿನವರದ್ದು 22.17 ಲಕ್ಷ.

ಈ ನಾಲ್ಕು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಬಾಮೈದನಿಗೆ ಫೋಟೋ ಕಳಿಸಿದೆ. ಒಟ್ಟಿಗೆ ಹಾಕಿದ್ದು ಒಂದು ಕಡೆ 20.59, ಇನ್ನೊಂದು ಕಡೆ 44.05. ಕಂತಿನದ್ದು 22.36 ಮತ್ತು 22.17. "ಇದೇನು ಭಾವ, ಒಂದು ವರ್ಷಕ್ಕೆ ಡಬಲ್ಲಾ!" ಅಂದ. ನನಗೆ ಕಂಡದ್ದು ಅಷ್ಟೇ: ಒಟ್ಟಿಗೆ ಹಾಕಿದ್ದರ ಫಲ ಹಾಕಿದ ದಿನದ ಮೇಲೆ ನಿಂತಿರುತ್ತದೆ. ಕಂತಿನದ್ದು ಶುರು ಮಾಡಿದ ದಿನಕ್ಕೆ ಅಷ್ಟಾಗಿ ಜೋತು ಬೀಳೋದಿಲ್ಲ. ಏರುವ ವರ್ಷಗಳು ಇಳಿಯುವ ವರ್ಷಗಳಿಗಿಂತ ಜಾಸ್ತಿ ಇರೋದರಿಂದ ಒಟ್ಟಿಗೆ ಹಾಕಿದವರೇ ಹೆಚ್ಚು ಸಲ ಗೆಲ್ಲುತ್ತಾರೆ. ಆದರೆ 2007ರ ಕೊನೆಯಂಥ ದಿನ ನನ್ನ ಪಾಲಿಗೇ ಬರೋದಿಲ್ಲ ಅಂತ ಹೇಳೋರು ಯಾರು?

ಪಕ್ಕದ ತೋಟದ ಹಿರಿಯರೊಬ್ಬರ ಜೊತೆ ಇದನ್ನೇ ಮಾತಾಡುತ್ತಿದ್ದೆ. "ಮನೇಲಿರೋ ಅಡಿಕೆ ಅಷ್ಟನ್ನೂ ಒಂದೇ ದಿನ ಮಂಡಿಗೆ ಹಾಕ್ತೀಯೇನೋ? ಎರಡು ಮೂರು ಸಲ ಮಾಡಿ ಕೊಡೋದಿಲ್ವಾ? ಹಾಗಂತ ಹತ್ತು ವರ್ಷ ಚೀಲ ಇಟ್ಕೊಂಡೂ ಕೂರಲ್ಲ" ಅಂದರು. ಷೇರಿನ ಗಂಧಗಾಳಿ ಇಲ್ಲದವರು, ಆದರೂ ನಾನು ಮಾಡಿದ್ದು ಅದನ್ನೇ.

ನಾಲ್ಕು ಲಕ್ಷ ಮೊದಲ ದಿನವೇ ಇಂಡೆಕ್ಸ್ ಫಂಡ್‌ಗೆ ಹಾಕಿದೆ. ಉಳಿದ ಎಂಟು ಲಕ್ಷವನ್ನು ಅದೇ ಕಂಪನಿಯ, ಹೆಚ್ಚು ಏರಿಳಿತ ಇಲ್ಲದ ಲಿಕ್ವಿಡ್ ಫಂಡ್‌ಗೆ ಹಾಕಿ, ಅಲ್ಲಿಂದ ತಿಂಗಳಿಗೆ ಐವತ್ತು ಸಾವಿರದ ಹಾಗೆ ಹದಿನಾರು ತಿಂಗಳು ವರ್ಗಾವಣೆ ಆಗುವ ಹಾಗೆ ಎಸ್‌ಟಿಪಿ ಕೊಟ್ಟೆ. ಎಸ್‌ಟಿಪಿ ನಡೆಯೋದು ಒಂದೇ ಕಂಪನಿಯ ಫಂಡ್‌ಗಳ ನಡುವೆ ಮಾತ್ರ, ಹಾಗಾಗಿ ಮೊದಲು ಇಂಡೆಕ್ಸ್ ಫಂಡ್ ಆರಿಸಿಕೊಂಡು ಆಮೇಲೆ ಲಿಕ್ವಿಡ್ ಫಂಡ್ ನೋಡಬೇಕು. ಲಿಕ್ವಿಡ್ ಫಂಡಲ್ಲಿ ಏಳು ದಿನದೊಳಗೆ ತೆಗೆದರೆ ಎಕ್ಸಿಟ್ ಲೋಡ್ ಅನ್ನೋ ಸಣ್ಣ ಶುಲ್ಕ ಇರುತ್ತದೆ. ಅದಕ್ಕೆ ಮೊದಲ ವರ್ಗಾವಣೆಯ ತಾರೀಕನ್ನು ಒಂದು ವಾರ ದಾಟಿಸಿ ಇಟ್ಟೆ. ಇನ್ನೊಂದು ವಿಷಯ, ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡ್‌ನ ಮಾರಾಟ ಅಂತಲೇ ಲೆಕ್ಕ. ಅದರ ಲಾಭ ಚಿಕ್ಕದಾದರೂ ರಿಟರ್ನ್ಸ್‌ನಲ್ಲಿ ತೋರಿಸಬೇಕು.

ಹದಿನಾರೇ ತಿಂಗಳು ಯಾಕೆ, ಹತ್ತು ವರ್ಷ ಯಾಕಲ್ಲ? ಕಂತನ್ನು ಎಳೆದಷ್ಟೂ ಏಟಿನ ಹೆದರಿಕೆ ಕಡಿಮೆಯಾಗುತ್ತದೆ, ಜೊತೆಗೆ ಶೇಕಡ 6ರಲ್ಲಿ ಕೂತ ದುಡ್ಡೂ ಜಾಸ್ತಿಯಾಗುತ್ತದೆ. ಮೇಲಿನ ಲೆಕ್ಕದಲ್ಲಿ ಹತ್ತು ವರ್ಷ ಎಳೆದದ್ದಕ್ಕೆ ತೆತ್ತ ಬೆಲೆ ಹತ್ತು ಲಕ್ಷದ ಹತ್ತಿರ. ಒಂದು, ಒಂದೂವರೆ ವರ್ಷ ಎಳೆಯೋದಕ್ಕೆ ಅಷ್ಟು ಬೆಲೆ ಇಲ್ಲ. ಹಾಗಂತ ಅಷ್ಟರಲ್ಲಿ 2008ರಂಥ ಬೀಳು ಬಂದೇ ಬಿಡುತ್ತದೆ ಅಂತೇನೂ ಅಲ್ಲ. ಹದಿನೇಳನೇ ತಿಂಗಳು ಬಿದ್ದರೆ ನಾನೂ ಒಟ್ಟಿಗೆ ಹಾಕಿದವರ ಸಾಲಿನಲ್ಲೇ ಇರುತ್ತೇನೆ.

ಕಂತಿನ ಬಗ್ಗೆ ಹೇಳುವಾಗ ಏಜೆಂಟರು ಬಿಟ್ಟುಬಿಡುವ ಒಂದು ಮಾತಿದೆ. ಕಂತು ಸರಾಸರಿ ಮಾಡೋದು ಕೊಳ್ಳುವ ಬೆಲೆಯನ್ನು, ಮಾರುವ ಬೆಲೆಯನ್ನಲ್ಲ. ಮೇಲಿನ ಲೆಕ್ಕವನ್ನೇ ಇನ್ನೊಂದು ವರ್ಷ ಸರಿಸಿ. 2009ರ ಕೊನೆಯಿಂದ 2018ರ ಕೊನೆಯವರೆಗೆ ಹತ್ತು ಕಂತು ಹಾಕಿದವರಿಗೆ 2019ರ ಡಿಸೆಂಬರ್ ಕೊನೆಯಲ್ಲಿ 21.25 ಲಕ್ಷ ಇತ್ತು. ಕೊರೊನಾ ಬಂತು. 2020ರ ಮಾರ್ಚ್ 31ಕ್ಕೆ ನಿಫ್ಟಿ 8,597. ಅವರ 21.25 ಲಕ್ಷ ಮೂರು ತಿಂಗಳಲ್ಲಿ 15 ಲಕ್ಷಕ್ಕೆ ಇಳಿಯಿತು. ಆ ಏಪ್ರಿಲ್‌ನಲ್ಲೇ ಕಾಲೇಜು ಫೀಸು ಕಟ್ಟಬೇಕಿದ್ದರೆ ಹತ್ತು ವರ್ಷ ಕಂತು ಕಟ್ಟಿದ್ದೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಅದಕ್ಕೆ ತೆಗೆಯುವಾಗಲೂ ಕಂತು ಮಾಡುವುದು ಅಂತ ಬರೆದಿಟ್ಟಿದ್ದೇನೆ. ಎಂಟನೇ ವರ್ಷದಿಂದ ಫಂಡ್‌ನ ಯೂನಿಟ್‌ಗಳನ್ನು ಮೂವತ್ತಾರು ಭಾಗ ಮಾಡಿ ತಿಂಗಳಿಗೊಂದು ಭಾಗ ಮಾರಿ ಎಫ್‌ಡಿಗೆ ಹಾಕುವುದು. ರೂಪಾಯಿ ಲೆಕ್ಕದಲ್ಲಲ್ಲ, ಯೂನಿಟ್ ಲೆಕ್ಕದಲ್ಲಿ. ಮಾರುಕಟ್ಟೆ ಬಿದ್ದಿರುವಾಗ ಇಂತಿಷ್ಟು ರೂಪಾಯಿ ಅಂತ ತೆಗೆದರೆ ಜಾಸ್ತಿ ಯೂನಿಟ್ ಹೋಗುತ್ತವೆ. ತೆರಿಗೆಗೂ ಇದರಿಂದ ಸ್ವಲ್ಪ ಅನುಕೂಲ. ಈಗಿನ ನಿಯಮದಲ್ಲಿ ಇಕ್ವಿಟಿ ಫಂಡ್‌ನ ದೀರ್ಘಾವಧಿ ಲಾಭಕ್ಕೆ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದ್ದಕ್ಕೆ ಶೇಕಡ 12.5. ಒಂದೇ ವರ್ಷ ಎಲ್ಲ ತೆಗೆದರೆ ಆ ವಿನಾಯಿತಿ ಒಂದು ಸಲ ಸಿಗುತ್ತದೆ, ಮೂರು ವರ್ಷಕ್ಕೆ ಹಂಚಿದರೆ ಮೂರು ಸಲ.