ಪ್ರಿಂಟ್ ಸ್ಕ್ರೀನ್ ಕೀ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಪರದೆಯ ಚಿತ್ರ: ನನ್ನ ಅನುಭವ

ಒಂದು ಸಹಕಾರ ಸಂಘದ ಲೆಕ್ಕಪತ್ರ ಸಿಬ್ಬಂದಿಗಾಗಿ ಎಕ್ಸೆಲ್ ಕೈಪಿಡಿ ಬರೆಯುತ್ತಿದ್ದಾಗ ಪ್ರತಿ ಹಂತಕ್ಕೂ ಪರದೆಯ ಚಿತ್ರ ಬೇಕಾಗಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇತ್ತು, ಆದರೆ ಪ್ರಿಂಟ್ ಸ್ಕ್ರೀನ್‌ಗೆಂದು ಪ್ರತ್ಯೇಕ ಕೀ ಇರಲಿಲ್ಲ.

ಮೊದಲು ಪರದೆಯ ಮೇಲಿನ ಕೀಬೋರ್ಡನ್ನು ಬಳಸಿದೆ. ವಿಂಡೋಸ್ ಕೀ ಜೊತೆ R ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಬರುತ್ತದೆ:

```
osk
```

ಅದರ ಬಲಬದಿಯಲ್ಲಿ PrtScn ಇದೆ. ಈ ಕೀಬೋರ್ಡನ್ನು ಕ್ಲಿಕ್ ಮಾಡಿದರೂ ನಾವು ಕೆಲಸ ಮಾಡುತ್ತಿದ್ದ ಕಿಟಕಿಯೇ ಸಕ್ರಿಯವಾಗಿ ಉಳಿಯುತ್ತದೆ. ಆದ್ದರಿಂದ ಮೊದಲು Alt, ಆಮೇಲೆ PrtScn ಕ್ಲಿಕ್ ಮಾಡಿದರೆ ಎಕ್ಸೆಲ್ ಕಿಟಕಿಯ ಚಿತ್ರ ಮಾತ್ರ ಕ್ಲಿಪ್‌ಬೋರ್ಡ್ ಸೇರುತ್ತದೆ. ಕೈಪಿಡಿಯ ಬಹುಪಾಲು ಚಿತ್ರಗಳು ಹೀಗೆಯೇ ಸಿಕ್ಕವು.

ತೊಡಕು ಬಂದದ್ದು Paste Special ಇರುವ ಮೆನುವನ್ನು ತೋರಿಸಬೇಕಾದಾಗ. ಕೋಶದ ಮೇಲೆ ಬಲ ಕ್ಲಿಕ್ ಮಾಡಿ ಮೆನು ತೆರೆದು, PrtScn ಕಡೆಗೆ ಮೌಸ್ ಒಯ್ದು ಕ್ಲಿಕ್ ಮಾಡಿದ ಕೂಡಲೇ ಮೆನು ಮುಚ್ಚಿಹೋಗುತ್ತಿತ್ತು. ಮೆನುವಿನ ಹೊರಗೆ ಎಲ್ಲಿ ಕ್ಲಿಕ್ ಮಾಡಿದರೂ ಅದು ಮುಚ್ಚಿಕೊಳ್ಳುವುದು ಸಹಜ. ಇದಕ್ಕೆ ಮೌಸ್ ಮುಟ್ಟದೆ ಒತ್ತುವ ಕೀಯೇ ಬೇಕು.

ಆಗ ಕೀಬೋರ್ಡನ್ನು ಬೆಳಕಿಗೆ ಹಿಡಿದು ಒಂದೊಂದೇ ಕೀ ನೋಡಿದೆ. Insert ಕೀಯ ಕೆಳ ಅಂಚಿನಲ್ಲಿ, Fn ಅಕ್ಷರಗಳಿದ್ದ ಬಣ್ಣದಲ್ಲಿಯೇ, prt sc ಎಂದು ಸಣ್ಣದಾಗಿ ಅಚ್ಚಾಗಿತ್ತು. Fn ಒತ್ತಿದ್ದನ್ನು ಸಾಮಾನ್ಯವಾಗಿ ಕೀಬೋರ್ಡಿನ ಒಳಗಿನ ನಿಯಂತ್ರಕವೇ ನಿಭಾಯಿಸುತ್ತದೆ. ವಿಂಡೋಸ್‌ಗೆ ತಲುಪುವುದು ಪ್ರಿಂಟ್ ಸ್ಕ್ರೀನ್ ಸಂಕೇತ ಮಾತ್ರ. ಈ ಜೋಡಣೆ ಒಂದೊಂದು ಮಾದರಿಯಲ್ಲಿ ಒಂದೊಂದು ತೆರನಾಗಿರುವುದಕ್ಕೂ ಇದೇ ಕಾರಣ. ಸರ್ಫೇಸ್‌ನ ಕೆಲವು ಕೀಬೋರ್ಡ್‌ಗಳಲ್ಲಿ ಅದು Fn ಜೊತೆ Space.

ನನ್ನಲ್ಲಿ Fn ಜೊತೆ Insert ಒತ್ತಿದಾಗ ಚಿತ್ರದ ಬದಲು ಸ್ನಿಪ್ಪಿಂಗ್ ಟೂಲ್ ತೆರೆಯಿತು. ಸೆಟ್ಟಿಂಗ್ಸ್‌ನ Accessibility ಅಡಿಯಲ್ಲಿ Keyboard ಪುಟಕ್ಕೆ ಹೋಗಿ, ಪ್ರಿಂಟ್ ಸ್ಕ್ರೀನ್ ಕೀಯಿಂದ ಆ ಸಾಧನ ತೆರೆಯುವ ಆಯ್ಕೆಯನ್ನು ಆಫ್ ಮಾಡಿದ ಮೇಲೆ ಚಿತ್ರ ನೇರವಾಗಿ ಕ್ಲಿಪ್‌ಬೋರ್ಡಿಗೆ ಹೋಗತೊಡಗಿತು, ಮೆನುವೂ ತೆರೆದೇ ಉಳಿಯಿತು. ಇಲ್ಲಿ Alt ಸೇರಿಸಬಾರದು, ಏಕೆಂದರೆ Alt ಒತ್ತಿದರೆ ಮೆನು ಮುಚ್ಚಬಹುದು. ಇಡೀ ಪರದೆಯನ್ನು ತೆಗೆದು ಆಮೇಲೆ ಪೇಂಟ್‌ನಲ್ಲಿ ಕತ್ತರಿಸುವುದೇ ಒಳ್ಳೆಯದು.

ಪರದೆಯ ಮೇಲೆ ಯಾವ ಸೂಚನೆಯೂ ಕಾಣದ ಕಾರಣ, ಕೀ ಕೆಲಸ ಮಾಡಿತೇ ಎಂದು ತಿಳಿಯಲು ನಾನು ಒಂದು ಕ್ರಮ ಇಟ್ಟುಕೊಂಡೆ. ವರ್ಡ್‌ನಲ್ಲಿ ‘ಪರೀಕ್ಷೆ’ ಎಂಬ ಪದವನ್ನು ಮೊದಲು ಕಾಪಿ ಮಾಡಿ, ಕೀಗಳನ್ನು ಒತ್ತಿ, Ctrl ಜೊತೆ V ಒತ್ತುತ್ತೇನೆ. ಚಿತ್ರ ಬಂದರೆ ಜೋಡಣೆ ಸರಿಯಾಗಿದೆ; ‘ಪರೀಕ್ಷೆ’ ಎಂಬ ಪದವೇ ಮರಳಿ ಬಂದರೆ ಪ್ರಿಂಟ್ ಸ್ಕ್ರೀನ್ ಸಂಕೇತ ವಿಂಡೋಸ್‌ಗೆ ತಲುಪಿಲ್ಲ, ಬೇರೆ ಕೀ ಹುಡುಕಬೇಕು. ಯಾವ ಜೋಡಣೆಯೂ ಸಿಗದ ಯಂತ್ರದಲ್ಲಿ ಸ್ನಿಪ್ಪಿಂಗ್ ಟೂಲ್‌ನ ವಿಳಂಬವನ್ನು 5 ಸೆಕೆಂಡಿಗೆ ಇಟ್ಟು, ಆ ಅವಧಿಯಲ್ಲಿ ಮೆನು ತೆರೆದು ಕಾಯುತ್ತೇನೆ.