‘ಸಿಸ್ಟರ್, ಒಂದು ತಪ್ಪಾಗಿದೆ’ ಎಂದು ಬಂದಾಗ ಏನು ಮಾಡಬೇಕು?

ನಾನು ತುಂಬಾ ವರ್ಷ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದವಳು. ‘ಏನಾದರೂ ಧೈರ್ಯವಾಗಿ ಹೇಳಿ’ ಎಂದು ಮೀಟಿಂಗಿನಲ್ಲಿ ಹೇಳುತ್ತಾರೆ. ಮಾರನೇ ದಿನ ಹೇಳಿದ ಹುಡುಗಿಯನ್ನೇ ಎಲ್ಲರೆದುರು ಬೈಯುತ್ತಾರೆ. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಅದಾದ ಮೇಲೆ ಆ ವಾರ್ಡಿನಲ್ಲಿ ತಪ್ಪುಗಳೇ ‘ಆಗುವುದಿಲ್ಲ’! ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಗಮನಿಸಿದಾಗ, ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳ ವರದಿ ಜಾಸ್ತಿ ಇತ್ತು. ಅಲ್ಲಿನವರಿಗೆ ತಪ್ಪನ್ನು ಹೇಳಲು ಹೆದರಿಕೆ ಇರಲಿಲ್ಲ ಎಂಬುದೇ ಕಾರಣ ಎಂದು ಅವರು ಕಂಡುಕೊಂಡರು.

ಹೆಜ್ಜೆ 1: ನಿಮ್ಮ ಒಂದು ತಪ್ಪನ್ನು ಮೊದಲು ನೀವೇ ಹೇಳಿ. ಡ್ಯೂಟಿ ಬದಲಾಗುವಾಗ ಹ್ಯಾಂಡ್‌ಓವರ್‌ನಲ್ಲಿ ಹೇಳಿದರೆ ಸಾಕು. ಇಪ್ಪತ್ತು ವರ್ಷದ ಹಿಂದಿನ ಕಥೆ ಬೇಡ, ಈ ವಾರದ್ದು ಇರಲಿ.

ಹೆಜ್ಜೆ 2: ‘ಏನಾದರೂ ಡೌಟ್ ಇದೆಯಾ?’ ಎಂದು ಕೇಳಬೇಡಿ. ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಅಷ್ಟೇ. ‘ಇವತ್ತು ಯಾವ ಔಷಧ ಕೊಡುವಾಗ ಎರಡು ಸಲ ನೋಡಬೇಕಾಯಿತು?’ ಎಂದು ಕೇಳಿ. ಉತ್ತರ ಬರುತ್ತದೆ. ಗೋಡೆಗೆ ದೂರು ಪೆಟ್ಟಿಗೆ ನೇತು ಹಾಕುವವರಿಗೆ ಒಂದು ಮಾತು: ಚೀಟಿ ತೆಗೆದು ಓದುವ ಹೊತ್ತಿಗೆ ರೋಗಿ ಡಿಸ್ಚಾರ್ಜ್ ಆಗಿರುತ್ತಾರೆ.

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ. ಹುಡುಗಿ ಬಂದು ನಿಂತ ಮೊದಲ ಎರಡು ನಿಮಿಷ.

ನಮ್ಮ ವಾರ್ಡಿನಲ್ಲೇ ನಡೆದದ್ದು ಹೇಳುತ್ತೇನೆ. ಇನ್ಸುಲಿನ್ ನಮ್ಮಲ್ಲಿ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್, ಇಲ್ಲವೇ 100 ಯೂನಿಟ್. ಸಿರಿಂಜುಗಳೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಊಟಕ್ಕೆ ಮುಂಚೆ ಕೊಡುವ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ಅನ್ನು ಹೊಸ ಸ್ಟಾಫ್ ಒಬ್ಬಳು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಬಾಟಲಿಯಿಂದ ಎಳೆದಳು. ಗೆರೆ ತೋರಿಸಿದ್ದು 10, ಒಳಗೆ ಹೋದದ್ದು 25. ಹತ್ತು ನಿಮಿಷಕ್ಕೆ ಗೊತ್ತಾಗಿ ನನ್ನ ಬಳಿ ಓಡಿ ಬಂದಳು.

ಆಗ ಮೊದಲ ಪ್ರಶ್ನೆ ‘ಪೇಷಂಟ್ ಈಗ ಹೇಗಿದ್ದಾರೆ?’ ಎಂದಿರಬೇಕು. ‘ಯಾಕೆ ಹೀಗೆ ಮಾಡಿದೆ?’ ಎಂದಲ್ಲ. ‘ಯಾಕೆ’ ಎಂದ ತಕ್ಷಣ ಅವಳು ತನ್ನನ್ನು ಕಾಪಾಡಿಕೊಳ್ಳಲು ಶುರು ಮಾಡುತ್ತಾಳೆ, ನಿಮಗೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಎರಡನೆಯ ಮಾತು, ‘ಈಗಲೇ ಹೇಳಿದ್ದು ಒಳ್ಳೇದಾಯ್ತಮ್ಮಾ’. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಅದು. ಈ ಇನ್ಸುಲಿನ್‌ನ ಜೋರು ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ. ಅದಕ್ಕೆ ಮೊದಲೇ ಗೊತ್ತಾದರೆ ಊಟ ಕೊಟ್ಟು, ಡ್ಯೂಟಿ ಡಾಕ್ಟರನ್ನು ಕರೆದು, ಅರ್ಧ ಗಂಟೆಗೊಮ್ಮೆ ಶುಗರ್ ನೋಡಿಕೊಂಡು, ಗ್ಲೂಕೋಸ್ ಕೈಯಲ್ಲೇ ಇಟ್ಟುಕೊಂಡು ನಿಭಾಯಿಸಬಹುದು. ಬಚ್ಚಿಟ್ಟರೆ ರಾತ್ರಿ ನಿದ್ದೆಯಲ್ಲೇ ಶುಗರ್ ಇಳಿದು, ಬೆವರಿ, ಎಚ್ಚರ ತಪ್ಪಿದ ಮೇಲೇ ತಿಳಿಯುವುದು.

ಡಾಕ್ಟರಿಗೆ ಫೋನ್ ಮಾಡುವವರು ನೀವೇ ಆಗಿರಬೇಕು. ‘ನಮ್ಮ ವಾರ್ಡಿನಲ್ಲಿ ಡೋಸ್ ಜಾಸ್ತಿ ಹೋಗಿದೆ’ ಎನ್ನಿ, ಹೆಸರು ಆಮೇಲೆ ಬಂದರಾಯಿತು. ಮುಖದ ಬಗ್ಗೆಯೂ ಎಚ್ಚರ. ನಾನು ಹುಬ್ಬು ಗಂಟಿಕ್ಕಿದ್ದನ್ನು ಟ್ರಾಲಿ ಪಕ್ಕ ನಿಂತ ಇನ್ನಿಬ್ಬರು ನೋಡುತ್ತಿದ್ದರು. ಅವರಿಗೂ ಒಂದು ದಿನ ತಪ್ಪಾಗುತ್ತದೆ, ಅಲ್ವಾ?

ರೋಗಿ ಸರಿಯಾದ ಮೇಲೆ ಕೇಳಿದೆ: ‘ಕೈಗೆ ಯಾವ ಬಾಟಲಿ ಸಿಕ್ಕಿತು, ಎಲ್ಲಿತ್ತು?’ ಫ್ರಿಜ್ಜಿನ ಒಂದೇ ಟ್ರೇಯಲ್ಲಿ ಎರಡೂ ಬಾಟಲಿ ಇದ್ದವು. ಇಟ್ಟಿದ್ದು ನಾನೇ. ಅವತ್ತೇ ಬೇರೆ ಮಾಡಿದೆ. ಆಗದಿದ್ದರೆ ವಾರ್ಡಿಗೆ ಒಂದೇ ಬಲದ ಇನ್ಸುಲಿನ್ ತರಿಸಿ, ಅದೇ ಒಳ್ಳೆಯದು.

ಇಷ್ಟೆಲ್ಲ ಸರಿಯಾಗಿ ಮಾಡಿ ಮುಂದಿನ ವಾರ ಆ ಹುಡುಗಿಗೆ ಸಾಲಾಗಿ ನೈಟ್ ಡ್ಯೂಟಿ ಹಾಕಿದರೆ ಮುಗೀತು. ನಿಮ್ಮ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ ವಾರ್ಡು ಅದನ್ನು ಶಿಕ್ಷೆ ಅಂತಲೇ ಓದುತ್ತದೆ. ಬೇಕೆಂದೇ ಚಾರ್ಟ್ ತಿದ್ದಿದವರ, ಕೊಡದ ಔಷಧವನ್ನು ಕೊಟ್ಟೆ ಎಂದು ಬರೆದವರ ವಿಷಯ ಬೇರೆ. ಅಲ್ಲಿ ನಾನು ಬಿಟ್ಟವಳಲ್ಲ.

ಹೆಜ್ಜೆ 4: ಅನುಮಾನ ಹೇಳಲು ಒಂದು ಸಿದ್ಧ ವಾಕ್ಯ ಕಲಿಸಿ. ಹೊಸಬರಿಗೆ ದೊಡ್ಡ ಡಾಕ್ಟರ ಎದುರು ಮಾತೇ ಹೊರಡುವುದಿಲ್ಲ. ‘ಸರ್, ಈ ಡೋಸ್ ಇನ್ನೊಮ್ಮೆ ಹೇಳ್ತೀರಾ? ನಾನು ಬರೆದುಕೊಂಡದ್ದು 10’ ಎಂದರೆ ಯಾರಿಗೂ ಎದುರಾಡಿದಂತೆ ಆಗುವುದಿಲ್ಲ. ಡಾಕ್ಟರ್ ಸಿಡುಕಿದರೆ ಮಧ್ಯೆ ಬರುವ ಕೆಲಸ ನಿಮ್ಮದು.

ಹೆಜ್ಜೆ 5: ವರದಿಯ ಫಾರ್ಮಿನಲ್ಲಿ ತಪ್ಪಾದ ಸಮಯ, ಹೇಳಿದ ಸಮಯ ಎರಡೂ ಬರೆಯಿಸಿ. ತಿಂಗಳ ಕೊನೆಗೆ ವರದಿ ಎಷ್ಟು ಎಂದು ಎಣಿಸುವ ಮೊದಲು ಈ ಎರಡರ ನಡುವಿನ ಅಂತರ ನೋಡಿ. ನಾನು ಶುರು ಮಾಡಿದಾಗ ಹೆಚ್ಚಿನವು ಮಾರನೇ ಶಿಫ್ಟಿನವರು ಕಂಡುಹಿಡಿದವು. ಹೋಗಹೋಗುತ್ತಾ ತಪ್ಪು ಮಾಡಿದವರೇ, ಅದೇ ಶಿಫ್ಟಿನಲ್ಲಿ ಬಂದು ಹೇಳತೊಡಗಿದರು.